ಅಡ್ವಾನ್ಸ್ ಜಾಸ್ತಿ ಕೊಟ್ಟು ಬಾಡಿಗೆ ಇಳಿಸಿಕೊಳ್ಳುವುದೋ, ಬಾಡಿಗೆ ಜಾಸ್ತಿ ಕೊಟ್ಟು ಅಡ್ವಾನ್ಸ್ ಉಳಿಸಿಕೊಳ್ಳುವುದೋ?

ಬೆಂಗಳೂರಿನಲ್ಲಿ ಮನೆ ನೋಡಲು ಹೋದವರಿಗೆ ಈಗ ಒಂದೇ ಮನೆಗೆ ಎರಡು ರೇಟು ಕೇಳಿಸುವುದುಂಟು. ‘ಮೂರು ಲಕ್ಷ ಅಡ್ವಾನ್ಸ್ ಕೊಟ್ಟರೆ ಬಾಡಿಗೆ ಇಪ್ಪತ್ತು ಸಾವಿರ. ಅಷ್ಟು ಆಗೋದಿಲ್ಲ ಅಂದರೆ ಅರವತ್ತು ಸಾವಿರ ಕೊಡಿ, ಬಾಡಿಗೆ ಇಪ್ಪತ್ತೆರಡೂವರೆ.’ ಹೆಚ್ಚಿನವರು ಕೈಯಲ್ಲಿ ಎಷ್ಟು ಹಣ ಇದೆ ಎಂದು ನೋಡಿ, ಇದ್ದರೆ ಮೊದಲನೆಯದನ್ನೂ ಇಲ್ಲದಿದ್ದರೆ ಎರಡನೆಯದನ್ನೂ ಒಪ್ಪಿಕೊಂಡುಬಿಡುತ್ತಾರೆ. ಹಣ ಇದೆ ಎಂಬ ಒಂದೇ ಕಾರಣಕ್ಕೆ ದೊಡ್ಡ ಅಡ್ವಾನ್ಸ್ ಕೊಡುವುದು ಸರಿಯಾದ ಲೆಕ್ಕವಲ್ಲ. ಹಣ ಇಲ್ಲ ಎಂದು ಜಾಸ್ತಿ ಬಾಡಿಗೆ ಒಪ್ಪುವುದು ಯಾವಾಗಲೂ ನಷ್ಟವೂ ಅಲ್ಲ.

ಬಾಡಿಗೆದಾರರ ಕಡೆಯಿಂದ ನೋಡಿದರೆ ಹೆಚ್ಚುವರಿ ಅಡ್ವಾನ್ಸ್ ಎಂದರೆ ನೀವು ಮನೆ ಓನರ್‌ಗೆ ಕೊಡುವ ಕೈಸಾಲ. ಅವರು ಅದಕ್ಕೆ ಬಡ್ಡಿಯನ್ನು ಬಾಡಿಗೆಯಲ್ಲಿ ಮುರಿದು ಕೊಡುತ್ತಾರೆ. ಆದ್ದರಿಂದ ಎರಡೇ ಪ್ರಶ್ನೆ: ಬಡ್ಡಿ ಎಷ್ಟು ಬಿತ್ತು, ಮತ್ತು ಅಸಲು ಹೇಗೆ ವಾಪಸ್ ಬರುತ್ತದೆ. ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯ, ಆದರೆ ಮೊದಲನೆಯದರಿಂದ ಶುರುಮಾಡೋಣ.

ನೂರಕ್ಕೆ ಎಷ್ಟು ರೂಪಾಯಿ ಬಡ್ಡಿ?

ನಮ್ಮಲ್ಲಿ ಕೈಸಾಲದ ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ ಇಷ್ಟು ರೂಪಾಯಿ ಎಂದು ಹೇಳುವ ರೂಢಿ ಇದೆಯಲ್ಲ, ಅದೇ ಅಳತೆ ಇಲ್ಲಿ ಸಾಕು. ಒಂದು ಲಕ್ಷ ಹೆಚ್ಚು ಅಡ್ವಾನ್ಸ್ ಕೊಟ್ಟಿದ್ದಕ್ಕೆ ತಿಂಗಳ ಬಾಡಿಗೆ ಸಾವಿರ ರೂಪಾಯಿ ಇಳಿದರೆ ಅದು ಒಂದು ರೂಪಾಯಿ ಬಡ್ಡಿ, ಅಂದರೆ ವರ್ಷಕ್ಕೆ ಶೇ. 12. ಐನೂರು ಇಳಿದರೆ ಐವತ್ತು ಪೈಸೆ, ವರ್ಷಕ್ಕೆ ಶೇ. 6.

ಮೇಲಿನ ಮನೆಯನ್ನೇ ತೆಗೆದುಕೊಳ್ಳಿ. ಅಡ್ವಾನ್ಸಿನ ವ್ಯತ್ಯಾಸ 2,40,000 ರೂ. ಬಾಡಿಗೆಯ ವ್ಯತ್ಯಾಸ 2,500 ರೂ. ಎರಡೂವರೆ ಸಾವಿರವನ್ನು 2.4ರಿಂದ ಭಾಗಿಸಿದರೆ ಲಕ್ಷಕ್ಕೆ ಸುಮಾರು 1,040 ರೂ. ಒಂದು ರೂಪಾಯಿಗಿಂತ ಸ್ವಲ್ಪ ಮೇಲೆ, ವರ್ಷಕ್ಕೆ ಶೇ. 12.5. ಇದು ಓನರ್ ನಿಮ್ಮ ಹಣಕ್ಕೆ ಕೊಡುತ್ತಿರುವ ಬೆಲೆ.

ಈಗ ಆ 2,40,000 ನಿಮಗೆ ಎಲ್ಲಿಂದ ಬರುತ್ತದೆ ಎಂದು ನೋಡಿ. ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟ ಹಣವಾಗಿದ್ದು ಅದಕ್ಕೆ ಶೇ. 6.5 ಬರುತ್ತಿದ್ದರೆ ನೀವು ಬಿಟ್ಟುಕೊಡುವುದು ತಿಂಗಳಿಗೆ 1,300 ರೂ., ಬಾಡಿಗೆಯಲ್ಲಿ ಇಳಿಯುವುದು 2,500, ಅಂದರೆ ಕೈಯಲ್ಲಿ ಉಳಿಯುವುದು 1,200. ಒಡವೆ ಅಡ ಇಟ್ಟು ಶೇ. 10ರ ಬಡ್ಡಿಗೆ ತಂದ ಹಣವಾದರೆ ತಿಂಗಳಿಗೆ 2,000 ಬಡ್ಡಿ ಕಟ್ಟಬೇಕು, ಉಳಿಯುವುದು ಐನೂರು ಮಾತ್ರ. ಶೇ. 14ರ ಪರ್ಸನಲ್ ಲೋನ್ ತೆಗೆದರೆ ಮೊದಲ ತಿಂಗಳ ಬಡ್ಡಿಯೇ 2,800. ಅಲ್ಲಿಗೆ ಬಾಡಿಗೆ ಇಳಿಸಿಕೊಂಡದ್ದಕ್ಕಿಂತ ಹೆಚ್ಚು ಹಣವನ್ನು ಬ್ಯಾಂಕಿಗೆ ಕಟ್ಟಿದಂತಾಯಿತು. ಸಾಲ ಮಾಡಿ ದೊಡ್ಡ ಅಡ್ವಾನ್ಸ್ ಕೊಡಲು ಹೊರಟವರು ಈ ಒಂದು ಲೆಕ್ಕವನ್ನಾದರೂ ಹಾಕಲೇಬೇಕು. ಚೀಟಿ ಕೂಗಿ ಎತ್ತಿದ ಹಣವಾದರೆ ಕೂಗಿನಲ್ಲಿ ಬಿಟ್ಟ ಮೊತ್ತವೇ ಬಡ್ಡಿ ಎಂದು ಎಣಿಸಿ.

ಎಫ್‌ಡಿ ಬಡ್ಡಿಗೆ ತೆರಿಗೆ ಇದೆ, ಬಾಡಿಗೆಯಲ್ಲಿ ಉಳಿದ ಹಣಕ್ಕೆ ತೆರಿಗೆ ಇಲ್ಲ. ಹಾಗಾಗಿ ಹೆಚ್ಚು ಆದಾಯ ಇರುವವರಿಗೆ ದೊಡ್ಡ ಅಡ್ವಾನ್ಸ್ ಮೇಲ್ನೋಟಕ್ಕಿಂತ ಇನ್ನೂ ಸ್ವಲ್ಪ ಲಾಭವಾಗಿ ಕಾಣುತ್ತದೆ. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿದ್ದು ಎಚ್‌ಆರ್‌ಎ ವಿನಾಯಿತಿ ಪಡೆಯುವ ಸಂಬಳದಾರರಿಗೆ ತಕ್ಕಡಿ ಇನ್ನೊಂದು ಕಡೆಗೂ ವಾಲುತ್ತದೆ: ಎಚ್‌ಆರ್‌ಎ ಲೆಕ್ಕಕ್ಕೆ ಬರುವುದು ಕಟ್ಟಿದ ಬಾಡಿಗೆ ಮಾತ್ರ, ಅಡ್ವಾನ್ಸ್ ಅಲ್ಲ. ನಿಮ್ಮ ಎಚ್‌ಆರ್‌ಎ ಮಿತಿಯಲ್ಲಿ ಇನ್ನೂ ಜಾಗ ಇದ್ದು ನೀವು ಶೇ. 30ರ ಹಂತದಲ್ಲಿದ್ದರೆ ಹೆಚ್ಚುವರಿ 2,500 ರೂ. ಬಾಡಿಗೆಯಲ್ಲಿ ಸುಮಾರು 750 ತೆರಿಗೆಯಲ್ಲಿ ಉಳಿಯುತ್ತದೆ, ನಿಜವಾದ ಹೊರೆ 1,750ಕ್ಕೆ ಇಳಿಯುತ್ತದೆ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ, ಅವರು ಈ ಮಾತನ್ನು ಬಿಟ್ಟು ಮುಂದೆ ಹೋಗಬಹುದು.

ಲೆಕ್ಕ ಹಾಕುವ ಮುನ್ನ ಎರಡೂ ರೇಟಿನಲ್ಲಿ ಮೇಂಟೆನೆನ್ಸ್ ಮತ್ತು ನೀರಿನ ಖರ್ಚು ಒಂದೇ ರೀತಿ ಸೇರಿದೆಯೇ ಎಂದು ಕೇಳಿ. ‘ಕಡಿಮೆ ಬಾಡಿಗೆ’ಗೆ ಮೇಂಟೆನೆನ್ಸ್ ಬೇರೆ, ‘ಜಾಸ್ತಿ ಬಾಡಿಗೆ’ಗೆ ಎಲ್ಲ ಸೇರಿ ಎಂದಿದ್ದರೆ ಹೋಲಿಕೆಯೇ ತಪ್ಪಾಗುತ್ತದೆ.

ಇಪ್ಪತ್ತೆರಡು ತಿಂಗಳ ಲೆಕ್ಕ

ಹನ್ನೊಂದು ತಿಂಗಳ ಅಗ್ರಿಮೆಂಟ್, ಒಮ್ಮೆ ನವೀಕರಣ, ನವೀಕರಣದಲ್ಲಿ ಶೇ. 5 ಏರಿಕೆ, ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕಡಿತ. ಬೆಂಗಳೂರಿನಲ್ಲಿ ತೀರಾ ಸಾಮಾನ್ಯವಾದ ಈ ಶರತ್ತುಗಳ ಮೇಲೆ ಅದೇ ಮನೆಯನ್ನು ಕೊನೆಯವರೆಗೆ ಎಣಿಸೋಣ.

ದೊಡ್ಡ ಅಡ್ವಾನ್ಸಿನ ದಾರಿಯಲ್ಲಿ ಮೊದಲ ಹನ್ನೊಂದು ತಿಂಗಳಿಗೆ 20,000ದಂತೆ 2,20,000 ರೂ., ಮುಂದಿನ ಹನ್ನೊಂದಕ್ಕೆ 21,000ದಂತೆ 2,31,000 ರೂ. ಒಟ್ಟು 4,51,000. ಸಣ್ಣ ಅಡ್ವಾನ್ಸಿನ ದಾರಿಯಲ್ಲಿ ಮೊದಲ ಅವಧಿಗೆ 2,47,500, ಎರಡನೆಯದಕ್ಕೆ 23,625ರಂತೆ 2,59,875. ಒಟ್ಟು 5,07,375. ವ್ಯತ್ಯಾಸ 56,375 ರೂ. ಪೇಂಟಿಂಗ್ ಕಡಿತ ಕೊನೆಯ ಬಾಡಿಗೆಯ ಮೇಲೆ ಬೀಳುವುದರಿಂದ ಅಲ್ಲೂ ದೊಡ್ಡ ಅಡ್ವಾನ್ಸಿನವರಿಗೆ 2,625 ಉಳಿಯುತ್ತದೆ. ಸೇರಿಸಿದರೆ ಸರಿಯಾಗಿ 59,000.

ಇದರಿಂದ ಬಿಟ್ಟುಕೊಟ್ಟ ಎಫ್‌ಡಿ ಬಡ್ಡಿಯನ್ನು ಕಳೆಯಿರಿ: ತಿಂಗಳಿಗೆ 1,300ರಂತೆ 22 ತಿಂಗಳಿಗೆ 28,600. ಉಳಿಯುವುದು 30,400 ರೂ. ಎಲ್ಲವೂ ಸರಿಯಾಗಿ ನಡೆದರೆ ಎರಡು ವರ್ಷಕ್ಕೆ ಸಿಗುವ ಒಟ್ಟು ಲಾಭ ಇಷ್ಟು. ಹನ್ನೊಂದೇ ತಿಂಗಳಿಗೆ ಮನೆ ಬಿಟ್ಟರೆ ಇದು 15,700ಕ್ಕೆ ಇಳಿಯುತ್ತದೆ.

ಮೂವತ್ತು ಸಾವಿರ ಕಡಿಮೆ ಹಣವಲ್ಲ, ನಿಜ. ಆದರೆ ಅದು ಮೂರು ಲಕ್ಷದ ಹತ್ತನೇ ಒಂದು ಭಾಗ. ಮನೆ ಬಿಡುವ ದಿನ ಓನರ್ ಪೇಂಟಿಂಗ್ ಅಲ್ಲದೆ ಕಿಚನ್ ಚಿಮಣಿ, ಬಾತ್‌ರೂಮಿನ ನಲ್ಲಿ, ಕೆಟ್ಟ ಗೀಸರ್, ಗೋಡೆಯ ಮೊಳೆ ಎಂದು ಹೇಳುತ್ತಾ ಅಡ್ವಾನ್ಸಿನ ಹತ್ತನೇ ಒಂದು ಭಾಗ ಮುರಿದುಕೊಂಡರೆ ಎರಡು ವರ್ಷ ಕೂಡಿಸಿದ ಲಾಭ ಒಂದೇ ಸಲಕ್ಕೆ ಹೋಯಿತು. ಅದಕ್ಕೇ ಎರಡನೆಯ ಪ್ರಶ್ನೆ ಮುಖ್ಯ ಎಂದದ್ದು.

ಅಸಲು ವಾಪಸ್ ಬರುವ ದಾರಿ

ಹೆಚ್ಚಿನ ಮಾಲೀಕರು ಅಡ್ವಾನ್ಸ್ ಹಣವನ್ನು ಬೇರೆಯಾಗಿ ತೆಗೆದಿಡುವುದಿಲ್ಲ. ಮೇಲೆ ಇನ್ನೊಂದು ಫ್ಲೋರ್ ಕಟ್ಟಲು, ಮಗಳ ಮದುವೆಗೆ, ಹಳೆಯ ಬಾಡಿಗೆದಾರರ ಅಡ್ವಾನ್ಸ್ ತೀರಿಸಲು ಅದು ಖರ್ಚಾಗಿರುತ್ತದೆ. ನಿಮ್ಮದನ್ನು ಮುಂದೆ ಬರುವವರ ಅಡ್ವಾನ್ಸಿನಿಂದ ಕೊಡುತ್ತಾರೆ. ಇದರಲ್ಲಿ ದುರುದ್ದೇಶ ಇರಬೇಕೆಂದಿಲ್ಲ, ನಗರದ ಬಾಡಿಗೆ ವ್ಯವಹಾರ ನಡೆಯುವುದೇ ಹೀಗೆ. ಆದರೆ ಪರಿಣಾಮ ನಿಮ್ಮ ಮೇಲೆ ಬೀಳುತ್ತದೆ: ‘ಹೊಸಬರು ಬರಲಿ, ಕೊಡ್ತೀನಿ’ ಎಂಬ ಮಾತು ಒಂದು ವಾರಕ್ಕೂ ಮುಗಿಯಬಹುದು, ಮೂರು ತಿಂಗಳಿಗೂ ಎಳೆಯಬಹುದು. ಅಡ್ವಾನ್ಸ್ ದೊಡ್ಡದಾದಷ್ಟೂ ಅಷ್ಟು ಹಣ ತರುವ ಹೊಸ ಬಾಡಿಗೆದಾರರು ಸಿಗುವುದು ನಿಧಾನ.

ಅಷ್ಟರಲ್ಲಿ ನೀವು ಹೊಸ ಮನೆಗೆ ಅಡ್ವಾನ್ಸ್ ಕಟ್ಟಿರಬೇಕು. ಹಳೆಯ ಮೂರು ಲಕ್ಷ ಸಿಕ್ಕಿಕೊಂಡಿರುವಾಗ ಹೊಸದಕ್ಕೆ ಇನ್ನೊಂದು ಎರಡು-ಮೂರು ಲಕ್ಷ ಹೊಂದಿಸಬೇಕು, ಜೊತೆಗೆ ಬ್ರೋಕರ್ ಕಮಿಷನ್, ಸಾಮಾನು ಸಾಗಿಸುವ ಖರ್ಚು. ಈ ಹೊತ್ತಿನಲ್ಲಿ ತಂದ ಕೈಸಾಲ ಎರಡು ರೂಪಾಯಿ ಬಡ್ಡಿಯದಾದರೆ ಮೂರು ಲಕ್ಷಕ್ಕೆ ತಿಂಗಳಿಗೆ 6,000. ಎರಡು ತಿಂಗಳು ತಡವಾದರೆ 12,000 ಹೋಯಿತು. ದೊಡ್ಡ ಅಡ್ವಾನ್ಸ್ ಕೊಡುವವರು ಕೊಡುವ ಮೊತ್ತವನ್ನಷ್ಟೇ ಅಲ್ಲ, ಬಿಡುವಾಗ ಅಷ್ಟೇ ಮೊತ್ತವನ್ನು ಮತ್ತೊಮ್ಮೆ ಹೊಂದಿಸುವ ಶಕ್ತಿ ತಮಗಿದೆಯೇ ಎಂದು ನೋಡಿಕೊಳ್ಳಬೇಕು. ಕೆಲಸ ಬದಲಿಸುವ ಸಾಧ್ಯತೆ ಇರುವವರು, ಮಕ್ಕಳ ಶಾಲೆಗೆ ಇನ್ನೂ ಸೀಟು ಖಚಿತವಾಗದವರು, ಒಂದು ವರ್ಷದೊಳಗೆ ಸ್ವಂತ ಮನೆಗೆ ಹೋಗುವವರು, ಇವರಿಗೆಲ್ಲ ಸಣ್ಣ ಅಡ್ವಾನ್ಸೇ ವಾಸಿ ಎನ್ನುವುದು ಇದೇ ಕಾರಣಕ್ಕೆ.

ಸಣ್ಣ ಅಡ್ವಾನ್ಸಿನ ನಿಜವಾದ ಬಲ ಕಾಣುವುದು ಕೊನೆಯ ಎರಡು ತಿಂಗಳಲ್ಲಿ. ಅರವತ್ತು ಸಾವಿರದಲ್ಲಿ ನೋಟಿಸ್ ಅವಧಿಯ ಎರಡು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳಿ ಎಂದು ಮೊದಲೇ ಒಪ್ಪಂದವಾಗಿದ್ದರೆ 47,250 ಅಲ್ಲಿಗೇ ತೀರುತ್ತದೆ. ಉಳಿದದ್ದು 12,750, ಪೇಂಟಿಂಗ್‌ಗೆ ಅದೂ ಸಾಲದೆ ನೀವೇ 10,875 ಕೊಟ್ಟು ಹೊರಡಬೇಕಾಗುತ್ತದೆ. ಓನರ್ ಬಳಿ ನಿಮ್ಮ ಹಣ ಒಂದು ರೂಪಾಯಿಯೂ ಉಳಿದಿರುವುದಿಲ್ಲ, ಅವರ ಹಿಂದೆ ಅಲೆಯುವ ಪ್ರಮೇಯವೇ ಇಲ್ಲ. ಮೂರು ಲಕ್ಷದಲ್ಲಿ ಎರಡು ತಿಂಗಳು ಮತ್ತು ಪೇಂಟಿಂಗ್ ಸೇರಿ 63,000 ಮುರಿದರೂ 2,37,000 ಅವರ ಕೈಯಲ್ಲೇ ಇರುತ್ತದೆ, ಮತ್ತು ಆ ದಿನ ಮಾತು ನಡೆಯುವುದು ಅವರ ಶರತ್ತಿನ ಮೇಲೆ.

ಕಾನೂನು ನೆರವಿಗೆ ಬರುವುದಿಲ್ಲವೇ ಎಂದರೆ, ಬರುತ್ತದೆ, ಆದರೆ ನಿಧಾನವಾಗಿ. ಕರ್ನಾಟಕ ಬಾಡಿಗೆ ಅಧಿನಿಯಮ 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ, ಅಂದರೆ ಇವತ್ತಿನ ಬಹುಪಾಲು ಮನೆಗಳು ಅದರ ಹೊರಗೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು ಎನ್ನುವುದು ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆಯ ಮಾತು. ಮಾದರಿ ಕಾಯ್ದೆಯನ್ನು ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅದು ನಡೆಯುತ್ತದೆ. ‘ಎರಡು ತಿಂಗಳಿಗಿಂತ ಹೆಚ್ಚು ಕೇಳುವಂತಿಲ್ಲ’ ಎಂದು ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಿ ಮೂರು ಲಕ್ಷ ಕೊಟ್ಟುಬಿಟ್ಟು ಆಮೇಲೆ ನೋಡಿಕೊಳ್ಳೋಣ ಎಂದುಕೊಳ್ಳಬೇಡಿ. ಅಡ್ವಾನ್ಸ್ ವಾಪಸ್ ಕೊಡದ ಓನರ್ ಮೇಲೆ ವಕೀಲರ ನೋಟಿಸ್, ಆಮೇಲೆ ಮೂರು ವರ್ಷದ ಕಾಲಮಿತಿಯೊಳಗೆ ಸಿವಿಲ್ ದಾವೆ, ಇದೇ ದಾರಿ. ಪೊಲೀಸ್ ಠಾಣೆಗೆ ಹೋದರೆ ಸಾಮಾನ್ಯವಾಗಿ ಇದು ಸಿವಿಲ್ ವ್ಯಾಜ್ಯ ಎಂದು ಹೇಳಿ ಕಳಿಸುತ್ತಾರೆ.

ದೊಡ್ಡ ಮೊತ್ತ ಕೊಡುವ ಮುನ್ನ ನೋಡಬೇಕಾದದ್ದು

ಅರವತ್ತು ಸಾವಿರಕ್ಕೆ ಇಷ್ಟೆಲ್ಲ ಪರಿಶೀಲನೆ ಯಾರೂ ಮಾಡುವುದಿಲ್ಲ, ಮಾಡದಿದ್ದರೂ ನಡೆದೀತು. ಮೂರು ಲಕ್ಷಕ್ಕೆ ಮಾಡಲೇಬೇಕು. ಇದಕ್ಕೆ ತಗಲುವ ಅರ್ಧ ದಿನದ ಓಡಾಟವನ್ನೂ ದೊಡ್ಡ ಅಡ್ವಾನ್ಸಿನ ಖರ್ಚು ಎಂದೇ ಎಣಿಸಿ.

ಮೊದಲು, ಸಹಿ ಹಾಕುವವರು ನಿಜವಾಗಿ ಮಾಲೀಕರೇ? ಇ-ಖಾತಾ ಅಥವಾ ಈ ವರ್ಷದ ಆಸ್ತಿ ತೆರಿಗೆ ರಸೀದಿ ಕೇಳಿ, ಅದರಲ್ಲಿರುವ ಹೆಸರನ್ನು ಆಧಾರ್ ಜೊತೆ ಹೋಲಿಸಿ. ಬೆಸ್ಕಾಂ ಬಿಲ್ಲಿನಲ್ಲಿ ಹೆಸರಿದ್ದರೆ ಅದು ಒಡೆತನದ ದಾಖಲೆ ಆಗುವುದಿಲ್ಲ. ಖಾತಾ ತೀರಿಕೊಂಡ ಅಪ್ಪನ ಹೆಸರಲ್ಲೇ ಇದ್ದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಸಹಿ ಹಾಕಬೇಕು. ಒಬ್ಬ ಮಗನಿಗೆ ಕೊಟ್ಟ ಅಡ್ವಾನ್ಸಿಗೆ ಪಾಲಿನಲ್ಲಿ ಮನೆ ಪಡೆದ ಇನ್ನೊಬ್ಬ ಮಗ ಹೊಣೆ ಒಪ್ಪುವುದಿಲ್ಲ. ಮಾಲೀಕರು ಹೊರದೇಶದಲ್ಲಿದ್ದು ಬೇರೆಯವರು ಸಹಿ ಹಾಕುತ್ತಿದ್ದರೆ ಅವರ ಬಳಿ ಇರುವ ಅಧಿಕಾರಪತ್ರ ಓದಿ, ಅಡ್ವಾನ್ಸ್ ಪಡೆಯುವ ಅಧಿಕಾರ ಅದರಲ್ಲಿ ಬರೆದಿದೆಯೇ ನೋಡಿ. ಹಣ ಮಾತ್ರ ಮಾಲೀಕರ ಖಾತೆಗೇ ಹಾಕಿ.

ಆಮೇಲೆ, ಮನೆಯ ಮೇಲೆ ಸಾಲ ಇದೆಯೇ? ಕಾವೇರಿ ಆನ್‌ಲೈನ್ ಸೇವೆಯಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ತೆಗೆಯಬಹುದು. ಬ್ಯಾಂಕಿಗೆ ಅಡಮಾನ ನೋಂದಣಿಯಾಗಿದ್ದರೆ ಅದರಲ್ಲಿ ಕಾಣುತ್ತದೆ. ಗೃಹಸಾಲ ಇದ್ದ ಮಾತ್ರಕ್ಕೆ ಮನೆ ಬೇಡ ಎನ್ನಬೇಕಾಗಿಲ್ಲ, ಬೆಂಗಳೂರಿನಲ್ಲಿ ಅರ್ಧಕ್ಕರ್ಧ ಅಪಾರ್ಟ್‌ಮೆಂಟುಗಳಿಗೆ ಸಾಲ ಇರುವುದು ಅಚ್ಚರಿಯಲ್ಲ. ಆದರೆ ಕಂತು ನಿಂತು ಬ್ಯಾಂಕ್ 2002ರ ಸರ್ಫೇಸಿ ಕಾಯ್ದೆಯಡಿ ಮನೆ ವಶಕ್ಕೆ ತೆಗೆದುಕೊಂಡರೆ ನೀವು ಕೊಟ್ಟ ಅಡ್ವಾನ್ಸ್ ಭದ್ರತೆ ಇಲ್ಲದ ಸಾಲ. ಬ್ಯಾಂಕ್ ಅದನ್ನು ಕೊಡುವುದಿಲ್ಲ, ಓನರ್ ಕೈಯಲ್ಲಿ ಕೊಡಲು ಇರುವುದಿಲ್ಲ. ಬಾಗಿಲಿಗೆ ಅಂಟಿಸಿದ ಬ್ಯಾಂಕ್ ನೋಟಿಸಿನ ಗುರುತು, ‘ಓನರ್ ವಿಳಾಸಕ್ಕೆ ಬ್ಯಾಂಕಿನವರು ಬರ್ತಾ ಇರ್ತಾರೆ’ ಎಂಬ ಅಕ್ಕಪಕ್ಕದವರ ಮಾತು, ಮೂರು ತಿಂಗಳಿನಿಂದ ಕಟ್ಟದ ಮೇಂಟೆನೆನ್ಸ್, ಇವು ಕಂಡರೆ ಬಡ್ಡಿ ಎಷ್ಟೇ ಆಕರ್ಷಕವಾಗಿದ್ದರೂ ದೊಡ್ಡ ಅಡ್ವಾನ್ಸ್ ಬೇಡ. ವಾಚ್‌ಮನ್ ಮತ್ತು ಅಸೋಸಿಯೇಷನ್ ಆಫೀಸಿನಲ್ಲಿ ಐದು ನಿಮಿಷ ಮಾತನಾಡಿದರೆ ಇದರಲ್ಲಿ ಬಹುಪಾಲು ತಿಳಿಯುತ್ತದೆ.

ಬಡ್ಡಿಯ ಅಳತೆಯೇ ಇಲ್ಲಿ ಇನ್ನೊಂದು ಎಚ್ಚರಿಕೆ ಕೊಡುತ್ತದೆ. ಲಕ್ಷಕ್ಕೆ ಸಾವಿರದ ಆಸುಪಾಸು ಇಳಿಸುವುದು ಸಹಜ. ಲಕ್ಷಕ್ಕೆ ಎರಡು ಸಾವಿರ ಇಳಿಸುತ್ತೇನೆ ಎನ್ನುವವರು ವರ್ಷಕ್ಕೆ ಶೇ. 24 ಕೊಡಲು ಸಿದ್ಧರಿದ್ದಾರೆ ಎಂದರ್ಥ. ಮನೆಯಂಥ ಆಸ್ತಿ ಕೈಯಲ್ಲಿದ್ದವರಿಗೆ ಬ್ಯಾಂಕಿನಲ್ಲಿ ಇದರ ಅರ್ಧ ಬಡ್ಡಿಗೆ ಸಾಲ ಸಿಗಬೇಕು. ಸಿಗುತ್ತಿಲ್ಲ ಎಂದರೆ ಏಕೆ ಎಂದು ಕೇಳಿ. ಬಾಡಿಗೆಯೇ ಇಲ್ಲದೆ ಹತ್ತು-ಹದಿನೈದು ಲಕ್ಷಕ್ಕೆ ಮನೆ ಕೊಡುವ ಲೀಸ್, ಅಂದರೆ ಭೋಗ್ಯ, ಇದೇ ಸಾಲಿನ ಕೊನೆಯ ತುದಿ. ಅದರಲ್ಲೂ ಮಾಲೀಕರಲ್ಲದ ಮಧ್ಯವರ್ತಿ ಸಂಸ್ಥೆಗಳು ಓನರ್‌ಗೆ ತಿಂಗಳ ಬಾಡಿಗೆ ಕೊಡುತ್ತೇವೆಂದು ಮನೆ ಪಡೆದು, ಒಳಗೆ ಬರುವವರಿಂದ ಲಕ್ಷಗಟ್ಟಲೆ ಲೀಸ್ ಹಣ ಪಡೆಯುವ ವ್ಯವಹಾರದಲ್ಲಿ ಓನರ್‌ಗೆ ಬಾಡಿಗೆ ನಿಂತ ದಿನ ಮನೆ ಖಾಲಿ ಮಾಡಿ ಎಂಬ ಮಾತು ಬರುತ್ತದೆ, ಹಣ ಪಡೆದವರು ಫೋನ್ ಎತ್ತುವುದಿಲ್ಲ. ಮಾಲೀಕರು ಖುದ್ದಾಗಿ ಸಹಿ ಹಾಕದ, ಹಣ ಅವರ ಖಾತೆಗೆ ಹೋಗದ ಯಾವ ದೊಡ್ಡ ಅಡ್ವಾನ್ಸನ್ನೂ ಕೊಡಬೇಡಿ.

ಅಗ್ರಿಮೆಂಟಿನಲ್ಲಿ ಏನು ಬರೆಸಬೇಕು

ಟೈಪಿಂಗ್ ಅಂಗಡಿಯ ಸಿದ್ಧ ಅಗ್ರಿಮೆಂಟಿನಲ್ಲಿ ಸಾಮಾನ್ಯವಾಗಿ ‘ಬಾಕಿ ಮತ್ತು ಹಾನಿಯ ಮೊತ್ತವನ್ನು ಕಳೆದು ಅಡ್ವಾನ್ಸ್ ಹಿಂತಿರುಗಿಸತಕ್ಕದ್ದು’ ಎಂದಷ್ಟೇ ಇರುತ್ತದೆ. ಯಾವಾಗ, ಹಾನಿ ಎಂದರೆ ಯಾವುದು, ಯಾರು ಬೆಲೆ ಕಟ್ಟುವುದು, ಒಂದೂ ಇಲ್ಲ. ಸಣ್ಣ ಅಡ್ವಾನ್ಸಿಗೆ ಆ ವಾಕ್ಯ ಸಾಕು. ಮೂರು ಲಕ್ಷಕ್ಕೆ ಅದರ ಬದಲು ಈ ಅರ್ಥದ ಮಾತು ಬರಬೇಕು:

‘ಬಾಡಿಗೆದಾರರು ಮನೆ ಖಾಲಿ ಮಾಡಿ ಬೀಗದ ಕೈ ಒಪ್ಪಿಸುವ ದಿನವೇ ಮಾಲೀಕರು ಅಡ್ವಾನ್ಸ್ ಮೊತ್ತವನ್ನು ಬ್ಯಾಂಕ್ ಮೂಲಕ ಹಿಂತಿರುಗಿಸತಕ್ಕದ್ದು. ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆಯಷ್ಟು ಮಾತ್ರ ಕಳೆಯತಕ್ಕದ್ದು. ದಿನಬಳಕೆಯಿಂದಾದ ಸವೆತಕ್ಕೆ ಯಾವುದೇ ಕಡಿತ ಇರುವುದಿಲ್ಲ. ಇತರ ಹಾನಿಗೆ ಬಿಲ್ ತೋರಿಸಿ ಕಳೆಯತಕ್ಕದ್ದು. ನೋಟಿಸ್ ಅವಧಿಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹೊಂದಿಸಿಕೊಳ್ಳತಕ್ಕದ್ದು. ಹಿಂತಿರುಗಿಸುವುದು ತಡವಾದರೆ ಬಾಕಿ ಮೊತ್ತಕ್ಕೆ ತಿಂಗಳಿಗೆ ಶೇ. 1ರಂತೆ ಬಡ್ಡಿ ಕೊಡತಕ್ಕದ್ದು. ಮನೆ ಮಾರಾಟವಾದರೆ ಅಡ್ವಾನ್ಸ್ ಹಿಂತಿರುಗಿಸುವ ಹೊಣೆಯನ್ನು ಕೊಳ್ಳುವವರಿಂದ ಬರಹದಲ್ಲಿ ಒಪ್ಪಿಸತಕ್ಕದ್ದು.’

ಇದರಲ್ಲಿ ಪೇಂಟಿಂಗ್ ವಾಕ್ಯವನ್ನು ಹತ್ತಿರದಿಂದ ನೋಡಿ. ‘ಒಂದು ತಿಂಗಳ ಬಾಡಿಗೆಯಷ್ಟು’ ಎಂದರೆ ಮಿತಿ ಗೊತ್ತಾಯಿತು. ‘ಪೇಂಟಿಂಗ್ ಮತ್ತು ಕ್ಲೀನಿಂಗ್ ವಾಸ್ತವ ಖರ್ಚು’ ಎಂದಿದ್ದರೆ ಮಿತಿ ಇಲ್ಲ. ಎರಡು ಬೆಡ್‌ರೂಮ್ ಮನೆಗೆ ಪುಟ್ಟಿ ಹಚ್ಚಿ ಎರಡು ಕೋಟ್ ಹೊಡೆಸಿದ ಬಿಲ್ ಪೂರ್ತಿ ನಿಮ್ಮ ತಲೆಗೆ ಬರಬಹುದು, ಕೈಯಲ್ಲಿ ಮೂರು ಲಕ್ಷ ಇರುವ ಓನರ್‌ಗೆ ಅದನ್ನು ಮುರಿದುಕೊಳ್ಳಲು ಯಾರ ಒಪ್ಪಿಗೆಯೂ ಬೇಕಾಗುವುದಿಲ್ಲ. ಅದೇ ರೀತಿ ‘ನವೀಕರಣದಲ್ಲಿ ಶೇ. 5 ಏರಿಕೆ’ ಎಂಬಲ್ಲಿ ‘ಬಾಡಿಗೆಗೆ ಮಾತ್ರ’ ಎಂದು ಸೇರಿಸಿ. ಇಲ್ಲದಿದ್ದರೆ ಬಾಡಿಗೆ ಏರಿದ ಅನುಪಾತದಲ್ಲಿ ಅಡ್ವಾನ್ಸ್ ಕೂಡ ಏರಿಸಿ ಎನ್ನುತ್ತಾರೆ, ಈ ಮನೆಯಲ್ಲಿ ಅದು 15,000.

ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ನೋಂದಣಿ ಕಡ್ಡಾಯವಲ್ಲ. ಒಂದು ವರ್ಷ ಮೀರುವ ಅವಧಿಗೆ ಕಡ್ಡಾಯ, ನೋಂದಣಿ ಮಾಡಿಸದಿದ್ದರೆ ಅದರ ಶರತ್ತುಗಳನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಕಷ್ಟ. ಮೂರು ವರ್ಷಕ್ಕೆಂದು ದೊಡ್ಡ ಮೊತ್ತ ಕೊಡುವುದಾದರೆ ನೋಂದಣಿಯ ಖರ್ಚನ್ನು ತಪ್ಪಿಸಬೇಡಿ. ನಗದು ಬೇಡವೇ ಬೇಡ. ಎರಡು ಲಕ್ಷ ಮತ್ತು ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ, ಅದಕ್ಕಿಂತ ಹೆಚ್ಚಾಗಿ ನಿಮ್ಮ ಬಳಿ ಕೊಟ್ಟ ದಾಖಲೆಯೇ ಉಳಿಯುವುದಿಲ್ಲ. ಓನರ್ ಅರ್ಧ ಬ್ಯಾಂಕಿಗೆ, ಅರ್ಧ ಕೈಗೆ ಎಂದರೆ ಅಗ್ರಿಮೆಂಟಿನಲ್ಲಿ ಬ್ಯಾಂಕಿನ ಅರ್ಧ ಮಾತ್ರ ಬರುತ್ತದೆ, ಉಳಿದರ್ಧ ಅವರ ಒಳ್ಳೆಯತನದ ಮೇಲೆ ನಿಂತಿರುತ್ತದೆ. ಬ್ಯಾಂಕ್ ವರ್ಗಾವಣೆಯ ಯುಟಿಆರ್ ಸಂಖ್ಯೆಯನ್ನು ಅಗ್ರಿಮೆಂಟಿನಲ್ಲೇ ಬರೆಸಿ.

ಮನೆ ಸೇರುವ ದಿನ, ಸಾಮಾನು ಇಳಿಸುವ ಮೊದಲು, ಬಾತ್‌ರೂಮ್ ಟೈಲ್ಸ್, ಸಿಂಕಿನ ಕೆಳಗೆ, ಬಾಗಿಲ ಹಿಂಭಾಗ, ಕಿಟಕಿ ಮೆಶ್, ಸೀಲಿಂಗಿನ ತೇವದ ಕಲೆ ಇಷ್ಟನ್ನೂ ವಿಡಿಯೊ ಮಾಡಿ ಅದೇ ದಿನ ಓನರ್‌ಗೆ ವಾಟ್ಸಾಪ್ ಮಾಡಿ. ನಿಮ್ಮ ಫೋನಿನಲ್ಲಿ ಮಾತ್ರ ಇದ್ದರೆ ಯಾವಾಗ ತೆಗೆದದ್ದೋ ಎಂಬ ಪ್ರಶ್ನೆ ಬರುತ್ತದೆ. ಅವರಿಗೆ ತಲುಪಿದ ದಿನಾಂಕ ಇದ್ದರೆ ಬರುವುದಿಲ್ಲ.

ಎರಡರ ನಡುವೆ ಮೂರನೆಯದು

ಎರಡೇ ರೇಟು ಹೇಳಿದರೆಂದು ಎರಡರಲ್ಲೇ ಆರಿಸಬೇಕಾಗಿಲ್ಲ. ಒಂದೂವರೆ ಲಕ್ಷ ಕೊಟ್ಟರೆ ಬಾಡಿಗೆ ಎಷ್ಟು ಎಂದು ಕೇಳಿ. ಓನರ್ ಅಂದಾಜಿನಲ್ಲಿ ‘21,200 ಮಾಡಿ’ ಎಂದರು ಎಂದುಕೊಳ್ಳಿ. ಈಗ ಎರಡು ಹೆಜ್ಜೆಯ ಬಡ್ಡಿಯನ್ನು ಬೇರೆ ಬೇರೆ ನೋಡಿ. ಅರವತ್ತು ಸಾವಿರದಿಂದ ಒಂದೂವರೆ ಲಕ್ಷಕ್ಕೆ ಹೋಗಲು ನೀವು 90,000 ಹೆಚ್ಚು ಕೊಟ್ಟಿರಿ, ಬಾಡಿಗೆ 1,300 ಇಳಿಯಿತು. ಅದು ನೂರಕ್ಕೆ ಸುಮಾರು ಒಂದು ರೂಪಾಯಿ ನಲವತ್ತನಾಲ್ಕು ಪೈಸೆ. ಅಲ್ಲಿಂದ ಮೂರು ಲಕ್ಷಕ್ಕೆ ಹೋಗಲು ಇನ್ನೂ 1,50,000 ಕೊಟ್ಟರೆ ಇಳಿಯುವುದು 1,200 ಮಾತ್ರ, ಅಂದರೆ ಎಂಬತ್ತು ಪೈಸೆ. ಮೊದಲ ತೊಂಬತ್ತು ಸಾವಿರಕ್ಕೆ ಚೆನ್ನಾಗಿ ಬಡ್ಡಿ ಬಿತ್ತು, ನಂತರದ ಒಂದೂವರೆ ಲಕ್ಷಕ್ಕೆ ಅಪಾಯಕ್ಕೆ ತಕ್ಕಷ್ಟು ಬೀಳಲಿಲ್ಲ.

ವಾಪಸ್ ಪಡೆಯುವ ಲೆಕ್ಕವೂ ಇಲ್ಲಿ ಸುಲಭವಾಗುತ್ತದೆ. 21,200ರ ಬಾಡಿಗೆಯಲ್ಲಿ ಎರಡು ತಿಂಗಳು ಹೊಂದಿಸಿಕೊಂಡು, ಪೇಂಟಿಂಗ್ ಕಳೆದರೆ ಒಟ್ಟು 63,600 ತೀರುತ್ತದೆ, ಓನರ್ ಕೊಡಬೇಕಾದದ್ದು 86,400. ಹೊಸ ಬಾಡಿಗೆದಾರರು ಬರುವವರೆಗೆ ಕಾಯದೆ ಹೆಚ್ಚಿನ ಮಾಲೀಕರು ಹೊಂದಿಸಬಹುದಾದ ಮೊತ್ತ ಇದು. ಹಾಗೊಮ್ಮೆ ತಡವಾದರೂ ಹೊಸ ಮನೆಯ ಅಡ್ವಾನ್ಸ್ ನಿಲ್ಲುವಂಥದ್ದಲ್ಲ.

ಚೌಕಾಸಿಗೆ ಕೂರುವಾಗ ‘ಅಡ್ವಾನ್ಸ್ ಕಡಿಮೆ ಮಾಡಿ’ ಎಂದು ಬರಿದೆ ಕೇಳಿದರೆ ‘ಆಗೋದಿಲ್ಲ’ ಎಂಬ ಉತ್ತರ ಬರುತ್ತದೆ. ‘ಸರ್, ಲಕ್ಷಕ್ಕೆ ಎಷ್ಟು ಇಳಿಸ್ತೀರಿ?’ ಎಂದು ಕೇಳಿ. ಐನೂರು ಎಂದರೆ ಸಣ್ಣ ಅಡ್ವಾನ್ಸಿನ ಕಡೆ ನಿಲ್ಲಿ, ನಿಮ್ಮ ಹಣ ಬ್ಯಾಂಕಿನಲ್ಲೇ ಇರಲಿ. ಸಾವಿರ ಎಂದರೆ, ಹಣ ನಿಮ್ಮದೇ ಉಳಿತಾಯವಾಗಿದ್ದು, ಎರಡು ವರ್ಷವಾದರೂ ಇರುವ ಅಂದಾಜಿದ್ದು, ಇ.ಸಿ. ಮತ್ತು ಖಾತಾ ಸರಿ ಕಂಡಿದ್ದರೆ, ಸ್ವಲ್ಪ ದೂರ ಮುಂದೆ ಹೋಗಬಹುದು. ಕೊಡುವ ದಿನವೇ ವಾಪಸಾತಿಯ ವಾಕ್ಯಗಳಿಗೆ ಸಹಿ ಹಾಕಿಸಿ. ಟೋಕನ್ ಕೊಟ್ಟು ಸಾಮಾನು ಇಳಿಸಿದ ಮೇಲೆ ಆ ಮಾತು ತೆಗೆದರೆ ‘ಅದೆಲ್ಲ ನಮ್ಮಲ್ಲಿ ಬರೆಸೋದಿಲ್ಲ, ನಂಬಿಕೆ ಇಲ್ವಾ?’ ಎಂಬ ಉತ್ತರ ಬರುತ್ತದೆ, ಆಗ ವಾದಿಸಲು ಸಮಯವೂ ಇರುವುದಿಲ್ಲ, ಬೇರೆ ಮನೆಯೂ ಇರುವುದಿಲ್ಲ.